ಏಳು ಗೇಟ್‌ಗಳಿಂದ ಎರಡಕ್ಕೆ: ಒಂದು ಪಂಪ್ ಸರ್ಕ್ಯೂಟ್ ಕಟ್ಟಿದ ದಾಖಲೆ

ಲ್ಯಾಬಿನಲ್ಲಿ ಗೇಟ್ ಪಾಠ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಐಸಿ ಸಿಕ್ಕಿಸು, ಎರಡು ಸ್ವಿಚ್ ಆಡಿಸು, ಎಲ್‌ಇಡಿ ನೋಡು, ನಾಲ್ಕು ಸಾಲು ಬರೆದುಕೊಂಡು ಸಹಿ ಹಾಕಿಸಿಕೋ. ಇದರಿಂದ ಆ್ಯಂಡ್ ಗೇಟ್ ಏನು ಮಾಡುತ್ತದೆ ಅಂತ ತಿಳಿಯುತ್ತದೆ. ಆದರೆ ಆಮೇಲೆ ಬೋರ್ಡಿನ ಮೇಲೆ ಉದ್ದದ ಒಂದು ಎಕ್ಸ್‌ಪ್ರೆಷನ್ ಬರೆದು "ಸರಳ ಮಾಡಿ" ಅಂದಾಗ, ಯಾಕೆ ಮಾಡಬೇಕು ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಈ ಸಲ ಒಂದೇ ಸರ್ಕ್ಯೂಟ್ ಹಿಡಿದುಕೊಂಡು, ಮೊದಲು ಸರಳ ಮಾಡದೆ ಕಟ್ಟಿಸಿದೆ. ಆಮೇಲೆ ಸರಳ ಮಾಡಿ ಕಟ್ಟಿಸಿದೆ. ನಡುವೆ ಕೆಟ್ಟಿದ್ದನ್ನೆಲ್ಲ ಬರೆದಿಟ್ಟುಕೊಂಡೆ. ಅದೇ ಈ ದಾಖಲೆ.

ಕೆಲಸ ಏನು

ಕೆಳಗೆ ಸಂಪು, ಮೇಲೆ ಟ್ಯಾಂಕ್, ನಡುವೆ ಪಂಪ್. ಮೂರು ಇನ್‌ಪುಟ್. S ಅಂದರೆ ಸಂಪಿನಲ್ಲಿ ನೀರಿದೆ. T ಅಂದರೆ ಟ್ಯಾಂಕ್ ತುಂಬಿದೆ. M ಅಂದರೆ ಯಾರೋ ಕೈಯಲ್ಲಿ ಬಟನ್ ಒತ್ತಿ ಹಿಡಿದಿದ್ದಾರೆ. ಹೌದು ಅಂದರೆ 1, ಇಲ್ಲ ಅಂದರೆ 0. ಔಟ್‌ಪುಟ್ ಒಂದೇ, Y. ಅದು 1 ಆದರೆ ಪಂಪ್ ಓಡಬೇಕು. ಬ್ರೆಡ್‌ಬೋರ್ಡಿನಲ್ಲಿ ಪಂಪ್ ಬದಲು ಎಲ್‌ಇಡಿ, ಫ್ಲೋಟ್ ಬದಲು ಸಣ್ಣ ಸ್ಲೈಡ್ ಸ್ವಿಚ್.

ಎಕ್ಸ್‌ಪ್ರೆಷನ್ ಬರೆಯುವುದಕ್ಕೆ ಮೊದಲು ಟ್ರೂತ್ ಟೇಬಲ್ ಬರೆಯಿರಿ ಅಂದೆ. ಮೂರು ಇನ್‌ಪುಟ್ ಅಂದರೆ ಎಂಟು ಸಾಲು, ಒಂದನ್ನೂ ಬಿಡುವಂತಿಲ್ಲ. ಜಗಳ ಶುರುವಾಗಿದ್ದೇ ಇಲ್ಲಿ. ನಾಲ್ಕನೇ ಸಾಲು 0 1 1. ಸಂಪು ಖಾಲಿ, ಟ್ಯಾಂಕ್ ತುಂಬಿದೆ, ಆದರೂ ಬಟನ್ ಒತ್ತಿದ್ದಾರೆ.

"ಸರ್, ಕೈಯಲ್ಲಿ ಒತ್ತಿದ್ದಾರೆ ಅಂದ ಮೇಲೆ ಓಡಲೇಬೇಕಲ್ವಾ?" ಅಂದ ಒಬ್ಬ.

"ನೀರೇ ಇಲ್ಲದೆ ಓಡಿದರೆ ಪಂಪಿನ ಸೀಲ್ ಏನಾಗುತ್ತದಪ್ಪಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು 0 ಬರೆದ. ನೀರು ಹರಿಯದಿದ್ದರೆ ಸೀಲ್ ತಣ್ಣಗಾಗುವುದಿಲ್ಲ, ಕಾದು ಹಾಳಾಗುತ್ತದೆ. ಹಾಗಾಗಿ S ಸೊನ್ನೆ ಇದ್ದರೆ ಯಾರು ಏನು ಒತ್ತಿದರೂ ಪಂಪ್ ಓಡಬಾರದು. ಬಟನ್ ಇರುವುದು ಪೈಪ್ ತೊಳೆಯುವಂಥ ಕೆಲಸಕ್ಕೆ. ಟ್ಯಾಂಕ್ ತುಂಬಿದ್ದರೂ ಸ್ವಲ್ಪ ಹೊತ್ತು ಓಡಿಸಬೇಕು, ಅಷ್ಟೆ. ಟೇಬಲ್ ಬರೆಯುವುದು ಲೆಕ್ಕದ ಕೆಲಸ ಅಂತ ಅಂದುಕೊಂಡಿದ್ದವರಿಗೆ, ಅದು ತೀರ್ಮಾನ ಮಾಡುವ ಕೆಲಸ ಅಂತ ಗೊತ್ತಾಗಿದ್ದು ಈ ಸಾಲಿನಲ್ಲಿ. ಬಾಯಲ್ಲಿ ಹೇಳುವಾಗ ಇಂಥ ಸಾಲು ಜಾರಿಕೊಂಡುಬಿಡುತ್ತದೆ. ಟೇಬಲ್‌ನಲ್ಲಿ ಜಾಗ ಖಾಲಿ ಇದ್ದರೆ ಕಣ್ಣಿಗೆ ಚುಚ್ಚುತ್ತದೆ.

ಕೊನೆಗೆ ಉಳಿದ ಟೇಬಲ್ ಇದು:

```
S T M | Y
0 0 0 | 0
0 0 1 | 0
0 1 0 | 0
0 1 1 | 0
1 0 0 | 1
1 0 1 | 1
1 1 0 | 0
1 1 1 | 1
```

ಮೊದಲ ಕಟ್ಟು: ಇದ್ದದ್ದು ಇದ್ದ ಹಾಗೆ

Y ಕಾಲಂನಲ್ಲಿ 1 ಎಲ್ಲೆಲ್ಲಿದೆಯೋ ಆ ಸಾಲಿಗೊಂದು ಪದ ಬರೆಯಬೇಕು. ಇನ್‌ಪುಟ್ 1 ಇದ್ದರೆ ಹಾಗೇ, 0 ಇದ್ದರೆ ಮೇಲೆ ಒಂದು ಗೀಟು. ಇಲ್ಲಿ ಗೀಟಿನ ಬದಲು ' ಹಾಕುತ್ತೇನೆ. ಮೂರು ಸಾಲಿನಲ್ಲಿ 1 ಇದೆ, ಮೂರು ಪದ:

```
Y = S·T'·M' + S·T'·M + S·T·M
```

ಚುಕ್ಕಿ ಅಂದರೆ ಆ್ಯಂಡ್, ಎಲ್ಲ ಇನ್‌ಪುಟ್ 1 ಆದರೆ ಮಾತ್ರ 1. ಕೂಡು ಗುರುತು ಅಂದರೆ ಆರ್, ಒಂದು 1 ಇದ್ದರೂ ಸಾಕು. ' ಅಂದರೆ ನಾಟ್, ಉಲ್ಟಾ.

ಇದನ್ನು ಹೀಗೇ ಕಟ್ಟೋಣ ಅಂದೆ. T' ಮತ್ತು M' ಬೇಕು, ಎರಡು ನಾಟ್. ಮೂರು ಇನ್‌ಪುಟ್‌ನ ಆ್ಯಂಡ್ ಮೂರು. ಮೂರನ್ನೂ ಸೇರಿಸಲು ಎರಡು ಇನ್‌ಪುಟ್‌ನ ಆರ್ ಎರಡು. ಒಟ್ಟು ಏಳು ಗೇಟ್. ಐಸಿ ಲೆಕ್ಕದಲ್ಲಿ ನಾಟ್‌ಗೆ 74HC04, ಆ್ಯಂಡ್‌ಗೆ 74HC11, ಆರ್‌ಗೆ 74HC32. ಅಂದರೆ ಮೂರು ಐಸಿ. ಮೂರಕ್ಕೂ 14ನೇ ಪಿನ್‌ಗೆ 5 ವೋಲ್ಟ್, 7ನೇ ಪಿನ್‌ಗೆ ಗ್ರೌಂಡ್. ಪ್ರತಿ ಐಸಿ ಪಕ್ಕ ಸಪ್ಲೈಗೆ ಅಡ್ಡಲಾಗಿ 100 ನ್ಯಾನೋಫ್ಯಾರಡ್ ಕೆಪಾಸಿಟರ್. ಎಲ್‌ಇಡಿಗೆ 1 ಕಿಲೋಓಮ್ ರೆಸಿಸ್ಟರ್. ಎಲ್‌ಇಡಿ ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ, ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ. ಹಾಗಾಗಿ 3 ಮಿಲಿಆ್ಯಂಪ್ ಹರಿಯುತ್ತದೆ. ಈ ಜಾತಿಯ ಗೇಟ್‌ಗೆ ಅದು ಹೊರೆಯಲ್ಲ.

ವೈರ್ ಹಾಕುವುದರಲ್ಲೇ ಒಂದೂವರೆ ಗಂಟೆ ಹೋಯಿತು. ಬೋರ್ಡ್ ನೋಡಿದರೆ ಶಾವಿಗೆ ಚೆಲ್ಲಿದ ಹಾಗಿತ್ತು.

ಪವರ್ ಕೊಟ್ಟ ತಕ್ಷಣ ಒಂದು ಗುಂಪಿನ ಎಲ್‌ಇಡಿ ಹುಚ್ಚುಹುಚ್ಚಾಗಿ ಆಡತೊಡಗಿತು. ಸ್ವಿಚ್ ಮುಟ್ಟದಿದ್ದರೂ ಹತ್ತುತ್ತದೆ, ಕೈ ಹತ್ತಿರ ತಂದರೆ ಮಿಣುಕುತ್ತದೆ, ದೂರ ಸರಿದರೆ ಆರುತ್ತದೆ. "ಸರ್, ನಮ್ಮ ಸರ್ಕ್ಯೂಟ್ ಕೈ ನೋಡಿ ಗುರುತಿಸುತ್ತೆ" ಅಂತ ನಕ್ಕರು. ಐಸಿ ಕೆಟ್ಟಿದೆ ಅಂತ ಬೇರೆ ಐಸಿ ಹಾಕಿದರೂ ಅದೇ ಕಥೆ.

ಕಾರಣ ಸ್ವಿಚ್‌ನಲ್ಲಿತ್ತು. ಸ್ವಿಚ್‌ನ ಒಂದು ಕಾಲು 5 ವೋಲ್ಟ್‌ಗೆ, ಇನ್ನೊಂದು ಕಾಲು ಗೇಟ್‌ನ ಇನ್‌ಪುಟ್‌ಗೆ. ಸ್ವಿಚ್ ಆನ್ ಮಾಡಿದರೆ 1 ಸಿಗುತ್ತದೆ, ಸರಿ. ಆಫ್ ಮಾಡಿದರೆ? ಅವರು 0 ಅಂತ ಭಾವಿಸಿದ್ದರು. ಆದರೆ ಇನ್‌ಪುಟ್ ಈಗ ಯಾವುದಕ್ಕೂ ಅಂಟಿಕೊಂಡಿಲ್ಲ, ಗಾಳಿಯಲ್ಲಿ ತೂಗಾಡುತ್ತಿದೆ. HC ಜಾತಿಯ ಗೇಟ್‌ನ ಇನ್‌ಪುಟ್ ಕರೆಂಟನ್ನೇ ಹೆಚ್ಚುಕಡಿಮೆ ಎಳೆಯುವುದಿಲ್ಲ. ಹಾಗಾಗಿ ಸುತ್ತಲಿನ ಮೇನ್ಸ್ ವೈರ್, ಕೈ, ಏನೇ ಹತ್ತಿರ ಬಂದರೂ ಅದರ ವೋಲ್ಟೇಜ್ ಅಲ್ಲಾಡುತ್ತದೆ. 5 ವೋಲ್ಟ್ ಸಪ್ಲೈನಲ್ಲಿ ಸುಮಾರು ಒಂದೂವರೆ ವೋಲ್ಟ್‌ಗಿಂತ ಕೆಳಗಿದ್ದರೆ ಅದು ಖಂಡಿತ 0, ಮೂರೂವರೆಗಿಂತ ಮೇಲಿದ್ದರೆ ಖಂಡಿತ 1. ನಡುವೆ ಇದ್ದರೆ ಅದರ ಮನಸ್ಸು.

ಇದನ್ನು ಮೀಟರ್ ಇಟ್ಟು ಹಿಡಿಯಲು ಹೋದರೆ ಇನ್ನೊಂದು ತಮಾಷೆ. ಮಲ್ಟಿಮೀಟರ್ ಪ್ರೋಬ್ ಇಟ್ಟ ಕೂಡಲೇ ಮಿಣುಕು ನಿಂತುಹೋಗುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ. ಪ್ರೋಬ್ ತೆಗೆದರೆ ಮತ್ತೆ ಶುರು. ಡಿಜಿಟಲ್ ಮೀಟರ್‌ನ ಒಳಗೆ ಸಾಮಾನ್ಯವಾಗಿ 10 ಮೆಗಾಓಮ್ ಇರುತ್ತದೆ. ತೂಗಾಡುವ ಇನ್‌ಪುಟ್‌ಗೆ ಅಷ್ಟೇ ಸಾಕು, ಗ್ರೌಂಡ್‌ಗೆ ಎಳೆದುಕೊಂಡುಬಿಡುತ್ತದೆ. ಅಂದರೆ ಅಳೆಯಲು ಹೋದಾಗ ಮೀಟರೇ ರೋಗ ವಾಸಿ ಮಾಡುತ್ತಿತ್ತು. ಪ್ರೋಬ್ ಇಟ್ಟಾಗ ಮಾತ್ರ ಸರಿಯಾಗುವ ಸರ್ಕ್ಯೂಟ್ ಕಂಡರೆ ಮೊದಲು ಅನುಮಾನ ಪಡಬೇಕಾದ್ದು ತೂಗಾಡುವ ಇನ್‌ಪುಟ್ ಮೇಲೆ.

ಪ್ರತಿ ಸ್ವಿಚ್‌ನ ಗೇಟ್ ಕಡೆಯ ಕಾಲಿನಿಂದ ಗ್ರೌಂಡ್‌ಗೆ 10 ಕಿಲೋಓಮ್ ಹಾಕಿಸಿದೆ. ಇದಕ್ಕೆ ಪುಲ್‌ಡೌನ್ ಅನ್ನುತ್ತಾರೆ. ಸ್ವಿಚ್ ಆಫ್ ಇದ್ದಾಗ ಇನ್‌ಪುಟ್ ಮೆತ್ತಗೆ 0ಗೆ ಬಂದು ಕೂರುತ್ತದೆ. ಎಲ್‌ಇಡಿ ತೆಪ್ಪಗಾಯಿತು. ಜೊತೆಗೆ ಬಳಸದ ಗೇಟ್‌ಗಳ ಇನ್‌ಪುಟ್‌ಗಳನ್ನೂ ಗ್ರೌಂಡ್‌ಗೆ ಕಟ್ಟಿಸಿದೆ. 74HC04ರಲ್ಲಿ ನಾಲ್ಕು, 74HC32ರಲ್ಲಿ ನಾಲ್ಕು, ಒಟ್ಟು ಎಂಟು ವೈರ್, ಏನೂ ಕೆಲಸ ಮಾಡದ ಗೇಟ್‌ಗಳಿಗೋಸ್ಕರ! ಆ ಎಂಟು ವೈರ್ ಹಾಕುವಾಗ ಬಂದ ಗೊಣಗಾಟವೇ ಮುಂದಿನ ಪಾಠಕ್ಕೆ ಪೀಠಿಕೆ ಆಯಿತು.

ಹಳೆಯ LS ಜಾತಿಯ ಐಸಿ ಇಟ್ಟುಕೊಂಡವರಿಗೆ ಒಂದು ಮಾತು. LS ಗೇಟ್‌ನ ಇನ್‌ಪುಟ್ ತೂಗಾಡಿದರೆ ಸಾಮಾನ್ಯವಾಗಿ 1 ಅಂತ ಓದಿಕೊಳ್ಳುತ್ತದೆ, ಹೀಗೆ ಮಿಣುಕಾಡುವುದಿಲ್ಲ. ಹಾಗಾಗಿ ತಪ್ಪು ಮುಚ್ಚಿಹೋಗುತ್ತದೆ. ಅದಕ್ಕೆ 10 ಕಿಲೋಓಮ್ ಪುಲ್‌ಡೌನ್ ಕೂಡ ಸಾಲದು. LS ಇನ್‌ಪುಟ್ 0 ಆಗಿರಬೇಕಾದರೆ ಅದರಿಂದ 0.4 ಮಿಲಿಆ್ಯಂಪ್‌ವರೆಗೆ ಹೊರಗೆ ಹರಿಯಬಹುದು. ಅಷ್ಟು ಕರೆಂಟ್ 10 ಕಿಲೋಓಮ್ ಮೂಲಕ ಹರಿಯಲು 4 ವೋಲ್ಟ್ ಬೇಕು. ಆಗ ಇನ್‌ಪುಟ್ 0ಗೆ ಇಳಿಯುವುದಾದರೂ ಎಲ್ಲಿಂದ? 1 ಕಿಲೋಓಮ್ ಹಾಕಬೇಕು.

ಸರಳ ಮಾಡುವುದು

ಮರುದಿನ ಅದೇ ಎಕ್ಸ್‌ಪ್ರೆಷನ್ ಬೋರ್ಡಿನ ಮೇಲೆ. ಹೆಚ್ಚಿನವರು ಮೊದಲ ಎರಡು ಪದ ಜೋಡಿಸಿದರು. S·T' ಎರಡರಲ್ಲೂ ಇದೆ, ಹೊರಗೆ ತೆಗೆದರೆ ಒಳಗೆ M' + M ಉಳಿಯುತ್ತದೆ. M ಏನೇ ಆಗಿರಲಿ, ಅದು ಅಥವಾ ಅದರ ಉಲ್ಟಾ, ಎರಡರಲ್ಲಿ ಒಂದು 1 ಆಗಿಯೇ ಇರುತ್ತದೆ. ಹಾಗಾಗಿ ಅದು 1, ಬಿಟ್ಟುಬಿಡಬಹುದು.

```
Y = S·T' + S·T·M
```

ಇಲ್ಲಿಗೆ ಪೆನ್ ಕೆಳಗಿಟ್ಟರು. ಇದು ತಪ್ಪಲ್ಲ, ಆದರೆ ಮುಗಿದಿಲ್ಲ. ಸಿಕ್ಕಿಹಾಕಿಕೊಳ್ಳಲು ಕಾರಣ, ನಡುವಿನ ಪದ ಒಂದು ಸಲ ಬಳಸಿದ ಮೇಲೆ ಖರ್ಚಾಗಿಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಾಮೂಲಿ ಲೆಕ್ಕದ ಅಭ್ಯಾಸ ಅದು. ಇಲ್ಲಿ ಕೂಡುವುದು ಅಂದರೆ "ಅಥವಾ". "ಮಳೆ ಬಂದರೆ ಅಥವಾ ಮಳೆ ಬಂದರೆ" ಅಂದರೂ ಅರ್ಥ "ಮಳೆ ಬಂದರೆ" ಅಷ್ಟೇ. X + X ಅಂದರೆ X. ಹಾಗಾಗಿ S·T'·M ಅನ್ನು ಎಷ್ಟು ಸಲ ಬೇಕಾದರೂ ಬರೆದುಕೊಳ್ಳಬಹುದು. ಒಂದು ನಕಲನ್ನು ಎಡಗಡೆ ಪದಕ್ಕೆ, ಇನ್ನೊಂದನ್ನು ಬಲಗಡೆ ಪದಕ್ಕೆ ಜೋಡಿಸಿ:

```
Y = S·T'·(M' + M) + S·M·(T' + T)
  = S·T' + S·M
  = S·(T' + M)
```

ಕೊನೆಯ ಸಾಲನ್ನು ಬಾಯಲ್ಲಿ ಓದಿ ನೋಡಿ. ಸಂಪಿನಲ್ಲಿ ನೀರಿರಬೇಕು, ಜೊತೆಗೆ ಟ್ಯಾಂಕ್ ತುಂಬಿರಬಾರದು ಅಥವಾ ಯಾರಾದರೂ ಬಟನ್ ಒತ್ತಿರಬೇಕು. ನಾವು ಮೊದಲ ದಿನ ಬಾಯಲ್ಲಿ ಹೇಳಿಕೊಂಡದ್ದೂ ಇದನ್ನೇ.

ಒಬ್ಬಳು ಒಪ್ಪಲಿಲ್ಲ. "ನನ್ನದರಲ್ಲಿ T' + T·M ಬಂದಿದೆ, ನಿಮ್ಮದರಲ್ಲಿ T' + M. ಎರಡೂ ಒಂದೇ ಹೇಗಾಗುತ್ತೆ ಸರ್? T ಎಲ್ಲಿ ಹೋಯ್ತು?" ಒಳ್ಳೆಯ ಪ್ರಶ್ನೆ. ಸೂತ್ರ ಹೇಳದೆ, ನೀನೇ ನಾಲ್ಕು ಸಾಲು ಬರಿಯಮ್ಮ ಅಂದೆ.

```
T M | T'+T·M | T'+M
0 0 |   1    |  1
0 1 |   1    |  1
1 0 |   0    |  0
1 1 |   1    |  1
```

ಎರಡು ಕಾಲಂ ಒಂದೇ ಥರ ಇದ್ದರೆ ಎರಡು ಎಕ್ಸ್‌ಪ್ರೆಷನ್ ಒಂದೇ. ಬರೀ ನಾಲ್ಕು ಸಂದರ್ಭ ಇರುವುದು, ನಾಲ್ಕನ್ನೂ ನೋಡಿಯಾಯಿತು, ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. T ಎಲ್ಲಿ ಹೋಯ್ತು ಅಂದರೆ: T ಸೊನ್ನೆ ಆಗಿದ್ದರೆ ಮೊದಲ ಪದವೇ 1 ಕೊಟ್ಟುಬಿಡುತ್ತದೆ, ಎರಡನೆಯದನ್ನು ಕೇಳುವವರಿಲ್ಲ. ಎರಡನೆಯದರ ಮಾತು ನಡೆಯುವುದು T ಒಂದು ಆಗಿದ್ದಾಗ ಮಾತ್ರ. ಆಗ T·M ಅಂದರೂ M ಅಂದರೂ ಅದೇ.

ಎರಡನೇ ಕಟ್ಟು: ಬರೀ ನ್ಯಾಂಡ್

S·(T' + M) ಕಟ್ಟಲು ಒಂದು ನಾಟ್, ಒಂದು ಆರ್, ಒಂದು ಆ್ಯಂಡ್ ಸಾಕು. ಏಳು ಗೇಟ್ ಮೂರಾಯಿತು. ಆದರೂ ಮೂರು ಜಾತಿಯ ಗೇಟ್ ಬೇಕು, ಅಂದರೆ ಮತ್ತೆ ಮೂರು ಐಸಿ. ವೈರ್ ಕಡಿಮೆಯಾದರೂ ಬೋರ್ಡಿನ ಜಾಗ ಅಷ್ಟೇ. ಪರೀಕ್ಷೆಯಲ್ಲಿ ಇಲ್ಲಿಗೆ ಪೂರ್ತಿ ಅಂಕ ಸಿಗುತ್ತದೆ, ಬೆಂಚಿನ ಮೇಲೆ ಸಿಗುವುದಿಲ್ಲ.

74HC00 ಐಸಿಯಲ್ಲಿ ನಾಲ್ಕು ನ್ಯಾಂಡ್ ಗೇಟ್ ಇವೆ. ನ್ಯಾಂಡ್ ಅಂದರೆ ಆ್ಯಂಡ್‌ನ ಉಲ್ಟಾ, ಎರಡೂ ಇನ್‌ಪುಟ್ 1 ಆದಾಗ ಮಾತ್ರ 0, ಉಳಿದ ಮೂರು ಸಾಲಿನಲ್ಲೂ 1. ಬರೀ ಇದೊಂದರಿಂದಲೇ ಬೇರೆಲ್ಲ ಗೇಟ್ ಮಾಡಿಕೊಳ್ಳಬಹುದು. ಎರಡೂ ಇನ್‌ಪುಟ್ ಒಟ್ಟಿಗೆ ಕಟ್ಟಿದರೆ ಅದೇ ನಾಟ್. ನ್ಯಾಂಡ್ ಮುಂದೆ ಇನ್ನೊಂದನ್ನು ನಾಟ್ ಆಗಿ ಇಟ್ಟರೆ ಆ್ಯಂಡ್. ಆರ್ ಮಾಡಲು ಮಾತ್ರ ಡಿ ಮಾರ್ಗನ್ ನಿಯಮ ಬೇಕು. ನಮಗೆ ಬೇಕಾದ್ದು ಇಷ್ಟು:

```
T' + M = (T·M')'
```

ಗೀಟನ್ನು ಎರಡರ ಮೇಲೂ ಎಳೆಯುವಾಗ ಕೂಡು ಗುರುತು ಚುಕ್ಕಿಯಾಗುತ್ತದೆ, ಒಳಗಿನ ಪ್ರತಿಯೊಂದೂ ಉಲ್ಟಾ ಆಗುತ್ತದೆ. T' ಉಲ್ಟಾ ಆಗಿ T ಆಯಿತು, M ಉಲ್ಟಾ ಆಗಿ M' ಆಯಿತು. M ಅನ್ನು ಉಲ್ಟಾ ಮಾಡಲು ಮರೆತು (T·M)' ಅಂತ ಬರೆಯುವುದು ಪ್ರತಿ ವರ್ಷದ ತಪ್ಪು. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ವೈರ್ ರೂಪದಲ್ಲಿ ಬರುತ್ತದೆ.

ಹಾಗಾದರೆ ನಾಲ್ಕು ಹೆಜ್ಜೆ, ನಾಲ್ಕು ಗೇಟ್, ಒಂದೇ ಐಸಿ:

```
P = M'        pins 1,2 = M          out 3
Q = (T·P)'    pins 4 = T, 5 = P     out 6
R = (S·Q)'    pins 9 = S, 10 = Q    out 8
Y = R'        pins 12,13 = R        out 11
```

ಪಿನ್ ಲೆಕ್ಕದಲ್ಲಿ ಒಂದು ಹಳ್ಳ ಇದೆ. 74HC00ರಲ್ಲಿ 1, 2 ಇನ್‌ಪುಟ್, 3 ಔಟ್‌ಪುಟ್. ಅಕ್ಕಪಕ್ಕದ ಡಬ್ಬಿಯಲ್ಲಿರುವ 74HC02 ನಾರ್ ಗೇಟ್‌ನಲ್ಲಿ 1 ಔಟ್‌ಪುಟ್, 2 ಮತ್ತು 3 ಇನ್‌ಪುಟ್. ನೋಡಲು ಎರಡೂ ಒಂದೇ. ಮೇಲಿನ ಅಕ್ಷರ ಓದದೆ ಸಿಕ್ಕಿಸಿದರೆ ಸ್ವಿಚ್‌ಗೂ ಗೇಟ್‌ನ ಔಟ್‌ಪುಟ್‌ಗೂ ನೇರ ಗುದ್ದಾಟ, ಐಸಿ ಬಿಸಿಯಾಗುತ್ತದೆ. ಬೆರಳು ಇಟ್ಟು ನೋಡಿ ಬಿಸಿ ಅನ್ನಿಸಿದರೆ ಮೊದಲು ಪವರ್ ತೆಗೆಯಿರಿ, ಆಮೇಲೆ ನಂಬರ್ ಓದಿ.

ಕಟ್ಟುವ ಮೊದಲು ನಡುವಿನ ಕಾಲಂಗಳನ್ನೂ ಸೇರಿಸಿ ಟೇಬಲ್ ಬರೆಸಿದೆ. ಇದಕ್ಕೂ ಗೊಣಗಾಟ ಬಂತು. ಕೊನೆಯ ಉತ್ತರ ಗೊತ್ತಿರುವಾಗ P, Q, R ಯಾಕೆ ಅಂತ. ಉತ್ತರ ಅರ್ಧ ಗಂಟೆಯಲ್ಲಿ ತಾನೇ ಬಂತು.

```
S T M | P Q R | Y
0 0 0 | 1 1 1 | 0
0 0 1 | 0 1 1 | 0
0 1 0 | 1 0 1 | 0
0 1 1 | 0 1 1 | 0
1 0 0 | 1 1 0 | 1
1 0 1 | 0 1 0 | 1
1 1 0 | 1 0 1 | 0
1 1 1 | 0 1 0 | 1
```

ಕೆಟ್ಟ ಸಾಲುಗಳು ಹೇಳಿದ್ದು

ಹೆಚ್ಚಿನ ಬೋರ್ಡ್‌ಗಳು ಮೊದಲ ಸಲವೇ ಕೆಲಸ ಮಾಡಿದವು. ಒಂದು ಗುಂಪಿನದು ಮಾತ್ರ ಇಲ್ಲ. ಅವರು M ಸ್ವಿಚ್ ಬದಲು ಒಂದು ರೆಡಿಮೇಡ್ ಪುಶ್ ಬಟನ್ ಬೋರ್ಡ್ ಹಾಕಿದ್ದರು, ಒತ್ತಲು ಚೆನ್ನಾಗಿದೆ ಅಂತ. ಅವರು ಮೊದಲು ನಾಲ್ಕೈದು ಸಾಲು ಮಾತ್ರ ನೋಡಿ "ಆಯ್ತು ಸರ್" ಅಂದಿದ್ದರು. ಎಂಟೂ ಸಾಲು ತೋರಿಸಿ ಅಂದಾಗ ಕೊನೆಯ ಎರಡು ಸಾಲು ಕೈಕೊಟ್ಟವು. 1 1 0ರಲ್ಲಿ 0 ಬರಬೇಕಿತ್ತು, 1 ಬಂತು. 1 1 1ರಲ್ಲಿ 1 ಬರಬೇಕಿತ್ತು, 0 ಬಂತು.

ವೈರ್ ಒಂದೊಂದಾಗಿ ಕಿತ್ತು ನೋಡಲು ಹೊರಟರು. ತಡೆದೆ. ಮೊದಲು ಸಾಲುಗಳನ್ನು ಓದಿ, ವೈರ್ ಆಮೇಲೆ.

S ಸೊನ್ನೆ ಇರುವ ನಾಲ್ಕು ಸಾಲು ಸರಿ ಬಂದಿವೆ. S ಒಂದು, T ಸೊನ್ನೆ ಇರುವ ಎರಡೂ ಸರಿ. ತಪ್ಪು ಇರುವುದು S, T ಎರಡೂ 1 ಇದ್ದಾಗ ಮಾತ್ರ. Y = S·(T' + M) ನೋಡಿ. S, T ಎರಡೂ 1 ಇದ್ದಾಗ Y ಅಂದರೆ ಬರೀ M. ಅಲ್ಲಿ ನಮಗೆ ಸಿಗುತ್ತಿರುವುದು M ಅಲ್ಲ, M'. ಅಂದರೆ S, T ದಾರಿ ಸರಿ ಇದೆ, ಕೊನೆಯ ಗೇಟ್ ಸರಿ ಇದೆ, M ಬರುವ ದಾರಿಯಲ್ಲಿ ಎಲ್ಲೋ ಒಂದು ಉಲ್ಟಾ ಜಾಸ್ತಿ ಆಗಿದೆ ಅಥವಾ ಕಡಿಮೆ ಆಗಿದೆ. ಸ್ಕ್ರೂಡ್ರೈವರ್ ಮುಟ್ಟದೆ ಇಷ್ಟು ತಿಳಿಯಿತು.

ಈಗ ಪಿನ್ 3ಕ್ಕೆ, ಅಂದರೆ Pಗೆ ಪ್ರೋಬ್ ಇಟ್ಟರು. ಎಂಟಕ್ಕೆ ಎಂಟೂ ಸಾಲಿನಲ್ಲಿ P ತಪ್ಪು! ಆದರೂ Y ತಪ್ಪಾದದ್ದು ಎರಡೇ ಸಾಲಿನಲ್ಲಿ. ಉಳಿದ ಆರು ಸಾಲಿನಲ್ಲಿ S ಅಥವಾ T ಸೊನ್ನೆ ಇತ್ತು, ನ್ಯಾಂಡ್‌ಗೆ ಒಂದು ಕಡೆ ಸೊನ್ನೆ ಬಂದರೆ ಇನ್ನೊಂದು ಕಡೆ ಏನಿದ್ದರೂ ಔಟ್‌ಪುಟ್ 1. ತಪ್ಪು ಆ ಸೊನ್ನೆಯ ಹಿಂದೆ ಅಡಗಿ ಕೂತಿತ್ತು. ನಾಲ್ಕೈದು ಸಾಲು ನೋಡಿ "ಆಯ್ತು" ಅಂದವರು ಯಾಕೆ ಮೋಸಹೋದರು ಅಂತ ಈಗ ಅವರಿಗೇ ಗೊತ್ತಾಯಿತು.

ಗೇಟ್ ತಪ್ಪೋ ಇನ್‌ಪುಟ್ ತಪ್ಪೋ? ಪಿನ್ 1ಕ್ಕೆ ಪ್ರೋಬ್ ಇಟ್ಟು ಬಟನ್ ಒತ್ತಿದರೆ 0 ವೋಲ್ಟ್, ಬಿಟ್ಟರೆ 5 ವೋಲ್ಟ್. ಅಲ್ಲಿಗೆ ಮುಗಿಯಿತು. ಆ ಬಟನ್ ಬೋರ್ಡಿನಲ್ಲಿ ರೆಸಿಸ್ಟರ್ ಮೊದಲೇ ಇತ್ತು, ಆದರೆ 5 ವೋಲ್ಟ್ ಕಡೆಗೆ. ಬಟನ್ ಒತ್ತಿದರೆ ಗ್ರೌಂಡ್‌ಗೆ ಎಳೆಯುತ್ತದೆ. ಇದು ಪುಲ್‌ಅಪ್, ತುಂಬ ಬಟನ್‌ಗಳು ಹೀಗೇ ಇರುತ್ತವೆ. ಹಾಳೆಯ ಮೇಲೆ M ಅಂತ ಬರೆದ ವೈರಿನಲ್ಲಿ ನಿಜವಾಗಿ ಬರುತ್ತಿದ್ದದ್ದು M'. ಸರ್ಕ್ಯೂಟ್ ಅದನ್ನು ಇನ್ನೊಮ್ಮೆ ಉಲ್ಟಾ ಮಾಡಿ (T·M)' ಕಟ್ಟಿಕೊಂಡಿತ್ತು. ಹಾಳೆಯಲ್ಲಿ ಗೀಟು ಮರೆತವರ ತಪ್ಪೇ ಇದು, ತಾಮ್ರದಲ್ಲಿ.

ಬಟನ್ ಬದಲಾಯಿಸುತ್ತೇವೆ ಅಂದರು. ಬೇಡ ಅಂದೆ. ನಮಗೆ ಎರಡನೇ ಗೇಟ್‌ಗೆ ಬೇಕಾದ್ದೇ M'. ಬಟನ್ ಅದನ್ನೇ ಕೊಡುತ್ತಿದೆಯಲ್ಲ! ಮೊದಲ ಗೇಟ್ ಯಾಕೆ? ಬಟನ್ ವೈರ್ ತೆಗೆದು ನೇರ 5ನೇ ಪಿನ್‌ಗೆ ಹಾಕಿದರು. 1, 2ನೇ ಪಿನ್ ಗ್ರೌಂಡ್‌ಗೆ, 3ನೇ ಪಿನ್ ಖಾಲಿ. ಎಂಟೂ ಸಾಲು ಸರಿ ಬಂತು. ಗೇಟ್ ಮೂರಾಯಿತು. ಕೆಟ್ಟ ಬೋರ್ಡ್ ಉಳಿದೆಲ್ಲರ ಬೋರ್ಡಿಗಿಂತ ಚಿಕ್ಕದಾಗಿದ್ದು ನೋಡಿ ಬೇರೆಯವರಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಅದೇ ಯೋಚನೆ ಔಟ್‌ಪುಟ್‌ಗೂ ನಡೆಯುತ್ತದೆ. ನಾಲ್ಕನೇ ಗೇಟ್ ಮಾಡುತ್ತಿರುವುದು R ಅನ್ನು ಉಲ್ಟಾ ಮಾಡುವುದಷ್ಟೇ. ಎಲ್‌ಇಡಿಯನ್ನು ಗ್ರೌಂಡ್‌ಗೆ ಕಟ್ಟುವ ಬದಲು, 5 ವೋಲ್ಟ್‌ನಿಂದ ರೆಸಿಸ್ಟರ್, ಎಲ್‌ಇಡಿ ಮೂಲಕ 8ನೇ ಪಿನ್‌ಗೆ ತಂದರೆ R ಸೊನ್ನೆ ಆದಾಗ ಹತ್ತುತ್ತದೆ. ನಾಲ್ಕನೇ ಗೇಟೂ ಬೇಕಿಲ್ಲ. ಉಳಿದದ್ದು ಎರಡು ಗೇಟ್. ನಿಜವಾದ ಪಂಪ್‌ಗೆ ಹೋಗುವಾಗ ಎಲ್‌ಇಡಿ ಜಾಗದಲ್ಲಿ ಟ್ರಾನ್ಸಿಸ್ಟರ್, ಅದರ ಮುಂದೆ ರಿಲೇ, ಅದರ ಮುಂದೆ ಕಾಂಟ್ಯಾಕ್ಟರ್ ಬರುತ್ತವೆ. ಗೇಟ್ ನೇರವಾಗಿ ರಿಲೇ ಎಳೆಯಲಾರದು. ಮೇನ್ಸ್ ಕಡೆಯ ಆ ಕೆಲಸ ಈ ಬೆಂಚಿನದಲ್ಲ.

ಇಲ್ಲೇ ಇನ್ನೊಂದು ವಿಷಯ. ಇನ್‌ಪುಟ್‌ಗೆ ಪುಲ್‌ಡೌನ್ ಹಾಕಿದರೂ ಪುಲ್‌ಅಪ್ ಹಾಕಿದರೂ ಎಕ್ಸ್‌ಪ್ರೆಷನ್ ಎರಡೂ ದಾರಿಗಳನ್ನು ಒಂದೇ ಅನ್ನುತ್ತದೆ, ವೈರ್ ಕಿತ್ತುಹೋದಾಗ ಅವು ಒಂದೇ ಅಲ್ಲ. S ವೈರ್ ಕಿತ್ತರೆ ಪುಲ್‌ಡೌನ್ ಅದನ್ನು 0 ಮಾಡುತ್ತದೆ, ಪಂಪ್ ನಿಲ್ಲುತ್ತದೆ, ಒಳ್ಳೆಯದು. T ವೈರ್ ಕಿತ್ತರೂ 0, ಅಂದರೆ "ಟ್ಯಾಂಕ್ ತುಂಬಿಲ್ಲ". ಪಂಪ್ ಓಡುತ್ತಲೇ ಇರುತ್ತದೆ, ನೀರು ಮೇಲಿಂದ ಸುರಿಯುತ್ತದೆ. Tಗೆ ಪುಲ್‌ಅಪ್ ಹಾಕಿ, ತುಂಬದಿರುವಾಗ ಗ್ರೌಂಡ್‌ಗೆ ಎಳೆಯುವ ಫ್ಲೋಟ್ ಬಳಸಿದರೆ ವೈರ್ ಕಿತ್ತಾಗ 1 ಆಗುತ್ತದೆ, ಪಂಪ್ ನಿಲ್ಲುತ್ತದೆ.

ಟೇಬಲ್‌ನಲ್ಲಿ ಇಲ್ಲದ ಕಾಲಂ

ಕೊನೆಗೆ ಒಂದು ಬಕೆಟ್, ನಿಜವಾದ ಫ್ಲೋಟ್ ಸ್ವಿಚ್ ತಂದು T ಜಾಗದಲ್ಲಿ ಹಾಕಿದೆವು. ನೀರು ಫ್ಲೋಟ್ ಮಟ್ಟಕ್ಕೆ ಬಂದ ಕೂಡಲೇ ಎಲ್‌ಇಡಿ ಟಪಟಪ ಅಂತ ಹತ್ತಿ ಆರತೊಡಗಿತು. ನೀರಿನ ಮೇಲ್ಮೈ ಅಲ್ಲಾಡುತ್ತದೆ, ಫ್ಲೋಟ್ ಅದರ ಜೊತೆ ಕುಣಿಯುತ್ತದೆ. ನಿಜವಾದ ಪಂಪ್ ಆಗಿದ್ದರೆ ರಿಲೇ ಬಾಳುವುದಿಲ್ಲ.

"ಸರ್, ಎಕ್ಸ್‌ಪ್ರೆಷನ್ ಏನಾದರೂ ಬದಲಾಯಿಸಬೇಕಾ?" ಅಂತ ಕೇಳಿದರು. ಎಷ್ಟು ಬದಲಾಯಿಸಿದರೂ ಆಗದು. ಬೇಕಾಗಿರುವುದು ಹೀಗೆ: ನೀರು ಕೆಳಗಿನ ಗುರುತಿಗಿಂತ ಇಳಿದಾಗ ಪಂಪ್ ಶುರುವಾಗಬೇಕು, ಮೇಲಿನ ಗುರುತು ಮುಟ್ಟಿದಾಗ ನಿಲ್ಲಬೇಕು. ನಡುವೆ ಇರುವಾಗ ಓಡುತ್ತಿದ್ದರೆ ಓಡಲಿ, ನಿಂತಿದ್ದರೆ ನಿಂತಿರಲಿ. ಅಂದರೆ ಒಂದೇ ಇನ್‌ಪುಟ್‌ಗೆ ಎರಡು ಉತ್ತರ, ಹಿಂದೆ ಏನಾಗಿತ್ತು ಅನ್ನುವುದರ ಮೇಲೆ. ನಮ್ಮ ಎಂಟು ಸಾಲಿನ ಟೇಬಲ್‌ನಲ್ಲಿ "ಹಿಂದೆ" ಅನ್ನುವ ಕಾಲಂ ಇಲ್ಲ. ಅದಕ್ಕೆ ಲ್ಯಾಚ್ ಬೇಕು. ಎರಡು ನ್ಯಾಂಡ್ ಗೇಟ್ ತೆಗೆದುಕೊಂಡು, ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್‌ಗೆ ಅಡ್ಡಡ್ಡ ಕಟ್ಟಬೇಕು.

ನಮ್ಮ ಐಸಿಯಲ್ಲಿ ಖಾಲಿ ಕೂತಿದ್ದದ್ದು ಸರಿಯಾಗಿ ಎರಡು ಗೇಟ್. ಒಂದು ಮತ್ತು ನಾಲ್ಕು.

ಕೆಳಗಿನ ಫ್ಲೋಟ್ 1ನೇ ಪಿನ್‌ಗೆ, ನೀರು ಅದಕ್ಕಿಂತ ಕೆಳಗಿದ್ದರೆ 0 ಕೊಡುವ ಹಾಗೆ. ಮೇಲಿನ ಫ್ಲೋಟ್ 13ನೇ ಪಿನ್‌ಗೆ, ತುಂಬಿದರೆ 0 ಕೊಡುವ ಹಾಗೆ. 3ರಿಂದ 12ಕ್ಕೆ ಒಂದು ವೈರ್, 11ರಿಂದ 2ಕ್ಕೆ ಒಂದು ವೈರ್. ಇಷ್ಟು ದಿನ ಫ್ಲೋಟ್‌ನಿಂದ 4ನೇ ಪಿನ್‌ಗೆ ಬರುತ್ತಿದ್ದ T ಈಗ 11ನೇ ಪಿನ್‌ನಿಂದ ಬರುತ್ತದೆ. ಗ್ರೌಂಡ್‌ಗೆ ಕಟ್ಟಿದ್ದ 1, 2ನೇ ಪಿನ್ ವೈರ್‌ಗಳನ್ನೂ, 8ರಿಂದ 12, 13ಕ್ಕೆ ಹೋಗಿದ್ದ ವೈರನ್ನೂ ಮೊದಲು ತೆಗೆಯಬೇಕು. ಒಬ್ಬ ಮರೆತ, ಲ್ಯಾಚ್ ಜಪ್ಪಯ್ಯ ಅಂದರೂ ಬದಲಾಗಲಿಲ್ಲ.

ಬಕೆಟ್‌ನಲ್ಲಿ ನೀರು ಕುಲುಕಿದರೂ ಎಲ್‌ಇಡಿ ಈಗ ಅಲ್ಲಾಡುವುದಿಲ್ಲ. ನೀರು ಎರಡು ಗುರುತುಗಳ ನಡುವೆ ಇರುವಾಗ ಪವರ್ ಹೋಗಿ ಬಂದರೆ ಮಾತ್ರ ಎಲ್‌ಇಡಿ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಮುಂದಿನ ವಾರದ ಕ್ಲಾಸ್ ಅಲ್ಲಿಂದ ಶುರು.